ಕ್ಲೇಮ್ ಪರಿಹಾರದ ಸವಕಳಿ ಲೆಕ್ಕಕ್ಕೆ ಆಕ್ಷೇಪಣೆ ಮತ್ತು ಮರುಮೌಲ್ಯಮಾಪನದ ಕೋರಿಕೆ

ದಿನಾಂಕ: 14-08-2025
ಸ್ಥಳ: ಹಾವೇರಿ

ಇವರಿಂದ,
ಬಸವರಾಜ ಎಂ.
ಬಸವೇಶ್ವರ ನಗರ, ಹಾವೇರಿ

ಇವರಿಗೆ,
ವ್ಯವಸ್ಥಾಪಕರು, ಮೋಟಾರ್ ಕ್ಲೇಮ್ ವಿಭಾಗ
ವಿಭಾಗೀಯ ಕಚೇರಿ, ಹುಬ್ಬಳ್ಳಿ

ಪ್ರತಿ: ಕುಂದುಕೊರತೆ ಪರಿಹಾರ ಅಧಿಕಾರಿಗಳು

ವಿಷಯ: 79,000 ರೂಪಾಯಿ ರಿಪೇರಿ ಖರ್ಚಿಗೆ 43,500 ರೂಪಾಯಿ ಮಾತ್ರ ಮಂಜೂರಾಗಿರುವುದರ ಬಗ್ಗೆ.

ಉಲ್ಲೇಖ: ಕ್ಲೇಮ್ ಸಂಖ್ಯೆ 25/0714, ಅಪಘಾತದ ದಿನಾಂಕ 09-07-2025, ಸರ್ವೇಯರ್ ವರದಿ 30-07-2025.

ಮಾನ್ಯರೇ,

ಜುಲೈ 9ರಂದು ಬಂಕಾಪುರದ ಬಳಿ ನನ್ನ ಕಾರಿನ ಮುಂಭಾಗದ ಎಡಬದಿಗೆ ಟ್ರ್ಯಾಕ್ಟರ್ ಟ್ರೇಲರ್ ತಾಗಿ ಹಾನಿಯಾಯಿತು. ಕಾರು 1197 ಸಿಸಿ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೊದಲ ನೋಂದಣಿ 18-07-2022. ಜುಲೈ 12ರಂದು ಸರ್ವೇಯರ್ ಕಾರು ನೋಡಿದರು, 26ರಂದು ಗ್ಯಾರೇಜಿನ ಅಂತಿಮ ಬಿಲ್ ಆಯಿತು. ಬಿಲ್ಲಿನ ಉಳಿದ 35,500 ರೂಪಾಯಿಯನ್ನು ನಾನೇ ಕಟ್ಟಿದ್ದೇನೆ. ಆಗಸ್ಟ್ 8ರಂದು ಡಿಸ್‌ಚಾರ್ಜ್ ವೋಚರಿಗೆ ಸಹಿ ಹಾಕುವಾಗಲೇ ‘ಆಕ್ಷೇಪಣೆಯೊಂದಿಗೆ, ಪೂರ್ಣ ಪರಿಹಾರವೆಂದು ಒಪ್ಪದೆ’ ಎಂದು ಬರೆದಿದ್ದೇನೆ.

ನನ್ನ ಪಾಲಿಸಿಯಲ್ಲಿ ಶೂನ್ಯ ಸವಕಳಿಯ ಆ್ಯಡ್-ಆನ್ ಇಲ್ಲ. ಹಾಗಾಗಿ ಸವಕಳಿ ಕಳೆಯಲೇಬಾರದು ಎಂದು ನಾನು ಕೇಳುತ್ತಿಲ್ಲ. ಬಂಪರ್, ಗ್ರಿಲ್, ಎಡ ಹೆಡ್‌ಲ್ಯಾಂಪ್ ಸೇರಿ 16,400 ರೂಪಾಯಿಯ ಪ್ಲಾಸ್ಟಿಕ್ ಭಾಗಗಳಿಗೆ ಹಿಡಿದ ಶೇ. 50 ಸರಿಯಿದೆ. 1,000 ರೂಪಾಯಿ ಕಡ್ಡಾಯ ಕಡಿತವೂ, ಗುಜರಿಗೆಂದು ಕಳೆದ 1,500 ರೂಪಾಯಿಯೂ ನನಗೆ ಒಪ್ಪಿಗೆ. 11,000 ರೂಪಾಯಿ ಕೂಲಿಯನ್ನು ಪೂರ್ತಿ ಕೊಟ್ಟಿದ್ದೀರಿ. ತಕರಾರು ಇರುವುದು ಕೆಳಗಿನ ಐದು ಬಾಬ್ತುಗಳಿಗೆ ಮಾತ್ರ. ಮೊತ್ತಗಳೆಲ್ಲ ಜಿಎಸ್‌ಟಿ ಸೇರಿದವು.

ಮೊದಲನೆಯದು, ಕಾರಿನ ವಯಸ್ಸು. ಬಾನೆಟ್ (9,800) ಮತ್ತು ಎಡ ಫೆಂಡರಿಗೆ (4,600) ಶೇ. 25 ಸವಕಳಿ ಹಿಡಿಯಲಾಗಿದೆ. ವರದಿಯ ವಯಸ್ಸಿನ ಕಾಲಂನಲ್ಲಿ ‘3 ವರ್ಷ 0 ತಿಂಗಳು’ ಎಂದಿದೆ. ಇದು ಬಿಲ್ ಆದ ದಿನಕ್ಕೆ ಹಾಕಿದ ಲೆಕ್ಕ. ವಿಮೆಯ ಹೊಣೆ ಹುಟ್ಟುವುದು ನಷ್ಟವಾದ ದಿನ. ಗ್ಯಾರೇಜಿನ ಕೆಲಸ ಒಂದು ವಾರ ತಡವಾದ ಮಾತ್ರಕ್ಕೆ ಹಾನಿಗೊಂಡ ಬಿಡಿಭಾಗದ ವಯಸ್ಸು ಏರುವುದಿಲ್ಲ. ಜುಲೈ 9ಕ್ಕೆ ಕಾರಿಗೆ ಇನ್ನೂ 3 ವರ್ಷ ತುಂಬಿರಲಿಲ್ಲ. ಪಾಲಿಸಿಯ ಮೊದಲ ವಿಭಾಗದ ಪಟ್ಟಿಯ ಪ್ರಕಾರ 2 ವರ್ಷ ಮೀರಿ 3 ವರ್ಷ ಮೀರದ ವಾಹನಕ್ಕೆ ಶೇ. 15. ಅಂದರೆ 3,600ರ ಬದಲು 2,160 ಕಳೆಯಬೇಕಿತ್ತು. ವ್ಯತ್ಯಾಸ 1,440.

ಎರಡನೆಯದು, ಎಸಿ ಕಂಡೆನ್ಸರ್ (9,400). ಇದನ್ನು ಪ್ಲಾಸ್ಟಿಕ್ ಭಾಗಗಳ ಸಾಲಿಗೆ ಸೇರಿಸಿ ಅರ್ಧ ಕಳೆದಿದ್ದಾರೆ. ಕಂಡೆನ್ಸರಿನ ಕೊಳವೆ, ರೆಕ್ಕೆ ಎರಡೂ ಅಲ್ಯೂಮಿನಿಯಂ. ಲೋಹದ ಭಾಗವಾದ್ದರಿಂದ ಇದಕ್ಕೂ ಶೇ. 15, ಅಂದರೆ 1,410. ಕಳೆದಿರುವುದು 4,700. ವ್ಯತ್ಯಾಸ 3,290.

ಮೂರನೆಯದು, ಮುಂದಿನ ಗಾಜು (8,600). ಗಾಜಿನ ಭಾಗಗಳಿಗೆ ಸವಕಳಿ ಇಲ್ಲವೆಂದು ಅದೇ ಪಟ್ಟಿ ಹೇಳುತ್ತದೆ. ಎರಡು ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಪೊರೆ ಇರುವುದೇ ಕಾರಣವಾಗಿದ್ದರೆ ಅದು ನಿಲ್ಲುವುದಿಲ್ಲ: ಲ್ಯಾಮಿನೇಟೆಡ್ ವಿಂಡ್‌ಶೀಲ್ಡ್ ಗಾಜಿನ ಭಾಗವೇ. ಕಳೆದ 4,300 ಪೂರ್ತಿ ವಾಪಸ್ ಬರಬೇಕು.

ನಾಲ್ಕನೆಯದು, ಬಣ್ಣದ ಖರ್ಚು. ಐದರಲ್ಲಿ ಸ್ಪಷ್ಟವಾದ ತಪ್ಪು ಇದೇ. ಬಣ್ಣದ 12,000 ರೂಪಾಯಿ ಬಿಲ್ಲಿಗೆ ನೇರವಾಗಿ ಶೇ. 50 ಹಾಕಿ 6,000 ಕಳೆದಿದ್ದಾರೆ. ಪಾಲಿಸಿಯಲ್ಲಿ ಇರುವುದೇ ಬೇರೆ: ಶೇ. 50 ಸವಕಳಿ ಬಣ್ಣದ ಸಾಮಗ್ರಿಯ ಮೇಲೆ ಮಾತ್ರ. ಸಾಮಗ್ರಿ, ಕೂಲಿ ಬೇರ್ಪಡಿಸದ ಒಟ್ಟು ಬಿಲ್ ಇದ್ದರೆ ಅದರ ಶೇ. 25 ಭಾಗವನ್ನು ಸಾಮಗ್ರಿಯೆಂದು ಹಿಡಿಯಬೇಕು. ನಮ್ಮದು ಒಟ್ಟು ಬಿಲ್. ಸಾಮಗ್ರಿ 3,000, ಅದರ ಅರ್ಧ 1,500. ವ್ಯತ್ಯಾಸ 4,500.

ಐದನೆಯದು ಲೆಕ್ಕದ್ದಲ್ಲ, ತಾಂತ್ರಿಕ ತೀರ್ಮಾನದ್ದು. ರೇಡಿಯೇಟರ್ ಸಪೋರ್ಟ್ (7,200) ಬದಲಿಸುವುದು ಬೇಡ, ತಟ್ಟಿ ಸರಿಮಾಡಬಹುದು ಎಂದು ಬರೆದು ಸರ್ವೇಯರ್ 1,000 ರೂಪಾಯಿ ಕೊಟ್ಟಿದ್ದಾರೆ. ಅವರು ನೋಡಿದ ದಿನ ಬಂಪರ್ ಮಾತ್ರ ಬಿಚ್ಚಿತ್ತು. ಕಂಡೆನ್ಸರ್, ರೇಡಿಯೇಟರ್ ಎರಡೂ ಜಾಗದಲ್ಲೇ ಇದ್ದವು. ಅವನ್ನು ಇಳಿಸಿದ ಮೇಲೆ ಎಡ ಮೌಂಟಿಂಗ್ 14 ಮಿ.ಮೀ. ಹಿಂದೆ ಸರಿದಿರುವುದೂ, ಸ್ಪಾಟ್ ವೆಲ್ಡಿಂಗ್‌ನ ಮೂರು ಜೋಡು ಬಿಟ್ಟಿರುವುದೂ ಕಂಡವು. ಜುಲೈ 16ರಂದು ಗ್ಯಾರೇಜಿನವರು ಫೋಟೊ ಸಹಿತ ಪೂರಕ ಎಸ್ಟಿಮೇಟ್ ಕಳಿಸಿ ಮರುತಪಾಸಣೆ ಕೇಳಿದ್ದರು. ಯಾರೂ ಬರಲಿಲ್ಲ.

ಬಾನೆಟ್ ಲಾಕ್ ಕೂರುವುದೂ ಇದೇ ಚೌಕಟ್ಟಿನ ಮೇಲೆ. ಬಿಟ್ಟ ಜೋಡುಗಳನ್ನು ಹಾಗೇ ಇಟ್ಟು, ಕಾಯಿಸಿ ತಟ್ಟಿ ನೇರ ಮಾಡಿದರೆ ತಗಡಿನ ಬಲ ಕುಗ್ಗುತ್ತದೆ, ಅಲುಗಾಟಕ್ಕೆ ಮೌಂಟಿಂಗ್ ಮತ್ತೆ ಬಿರುಕು ಬಿಡುತ್ತದೆ. ಬಾನೆಟ್ ಲಾಕ್ ಸರಿಯಾಗಿ ಕೂರದಿದ್ದರೆ ಓಡುವಾಗ ಬಾನೆಟ್ ತೆರೆದುಕೊಳ್ಳುವ ಅಪಾಯವಿದೆ. ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಿಸುವ ಕಾರು ಇದು; ಇಲ್ಲಿ ಉಳಿತಾಯ ನೋಡುವುದು ನನಗೆ ಸರಿ ಕಾಣಲಿಲ್ಲ, ಹೊಸದನ್ನೇ ಹಾಕಿಸಿದೆ. ತೆಗೆದ ಹಳೆಯ ಭಾಗಕ್ಕೆ ಕ್ಲೇಮ್ ಸಂಖ್ಯೆಯ ಚೀಟಿ ಕಟ್ಟಿ ಗ್ಯಾರೇಜಿನಲ್ಲೇ ಇರಿಸಲಾಗಿದೆ. ಶೇ. 15 ಕಳೆದು ಇದಕ್ಕೆ ಬರಬೇಕಾದದ್ದು 6,120. ಕೊಟ್ಟ 1,000 ಹೊರತುಪಡಿಸಿ 5,120. ಇದರ ಗುಜರಿ ಬೆಲೆಯನ್ನು ಪ್ರತ್ಯೇಕವಾಗಿ ಕಳೆದರೆ ಅಭ್ಯಂತರವಿಲ್ಲ.

ಲೆಕ್ಕದ ತಖ್ತೆ (ರೂಪಾಯಿಗಳಲ್ಲಿ):

| ಬಾಬ್ತು | ಬಿಲ್ | ಕೊಟ್ಟದ್ದು | ಕೊಡಬೇಕಾದದ್ದು |
|---|---|---|---|
| ಬಾನೆಟ್, ಫೆಂಡರ್ | 14,400 | 10,800 | 12,240 |
| ಕಂಡೆನ್ಸರ್ | 9,400 | 4,700 | 7,990 |
| ರೇಡಿಯೇಟರ್ ಸಪೋರ್ಟ್ | 7,200 | 1,000 | 6,120 |
| ಪ್ಲಾಸ್ಟಿಕ್ ಭಾಗಗಳು | 16,400 | 8,200 | 8,200 |
| ಮುಂದಿನ ಗಾಜು | 8,600 | 4,300 | 8,600 |
| ಬಣ್ಣ | 12,000 | 6,000 | 10,500 |
| ಕೂಲಿ | 11,000 | 11,000 | 11,000 |
| ಒಟ್ಟು | 79,000 | 46,000 | 64,650 |
| ಕಡಿತ ಮತ್ತು ಗುಜರಿ | | 2,500 | 2,500 |
| ನಿವ್ವಳ | | 43,500 | 62,150 |

ಬಾಕಿ 18,650 ರೂಪಾಯಿ. ಇದರಲ್ಲಿ ಮೊದಲ ನಾಲ್ಕು ಬಾಬ್ತುಗಳ 13,530 ರೂಪಾಯಿಗೆ ಯಾವ ತಪಾಸಣೆಯೂ ಬೇಕಿಲ್ಲ. ಆರ್‌ಸಿ, ಪಾಲಿಸಿ, ಬಿಲ್ ಮೂರನ್ನು ಎದುರಿಗಿಟ್ಟುಕೊಂಡರೆ ಸಾಕು. ಅಷ್ಟನ್ನು ಈಗಲೇ ನನ್ನ ಖಾತೆಗೆ ಜಮಾ ಮಾಡಿ. 5,120 ರೂಪಾಯಿಯ ಸಲುವಾಗಿ ಬೇರೊಬ್ಬ ಪರವಾನಗಿ ಹೊಂದಿದ ಸರ್ವೇಯರ್ ಅವರನ್ನು ಕಳಿಸಿ, ಹಳೆಯ ಭಾಗವನ್ನೂ ಬಿಚ್ಚಿದಾಗಿನ ಫೋಟೊಗಳನ್ನೂ ನೋಡಿ ಮರುಮೌಲ್ಯಮಾಪನ ಮಾಡಿಸಿ. ಬರುವ ದಿನ ಎರಡು ದಿನ ಮುಂಚೆ ತಿಳಿಸಿದರೆ ನಾನೂ ಗ್ಯಾರೇಜಿನ ಮೇಲ್ವಿಚಾರಕರೂ ಹಾಜರಿರುತ್ತೇವೆ.

ನನಗೆ ಕೊಟ್ಟಿರುವುದು ಮೌಲ್ಯಮಾಪನದ ಹಾಳೆ ಮತ್ತು ವಯಸ್ಸಿನ ಕಾಲಂ ಇರುವ ಪುಟ ಮಾತ್ರ. ಸರ್ವೇಯರ್ ವರದಿಯ ಪೂರ್ಣ ಪ್ರತಿಯನ್ನು ಫೋಟೊ ಸಹಿತ ಕೊಡಿ. ‘ವರದಿಯೇ ಅಂತಿಮ’ ಎಂದು ನಿಮ್ಮ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಲಾಯಿತು. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್ ಹೇಳಿರುವುದು ಇದಕ್ಕೆ ವಿರುದ್ಧ: ಸರ್ವೇಯರ್ ವರದಿ ಕ್ಲೇಮಿಗೆ ಆಧಾರವಾಗಬಹುದು, ಆದರೆ ಅದು ಕಂಪನಿಯನ್ನಾಗಲಿ ವಿಮಾದಾರನನ್ನಾಗಲಿ ಕಟ್ಟಿಹಾಕುವ ಕೊನೆಯ ಮಾತಲ್ಲ. ಯಾವುದಾದರೂ ಬಾಬ್ತನ್ನು ನೀವು ಒಪ್ಪದಿದ್ದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬಾಬ್ತುವಾರು ಲಿಖಿತವಾಗಿ ತಿಳಿಸಿ.

ಈ ಪತ್ರ ತಲುಪಿದ 14 ದಿನಗಳೊಳಗೆ ಉತ್ತರ ನಿರೀಕ್ಷಿಸುತ್ತೇನೆ. ಆಮೇಲೆ ಐಆರ್‌ಡಿಎಐನ ಬಿಮಾ ಭರೋಸಾದಲ್ಲಿ ದೂರು ದಾಖಲಿಸುತ್ತೇನೆ. ಒಂದು ತಿಂಗಳಲ್ಲಿ ಇತ್ಯರ್ಥವಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ತಡವಾದ ಮೊತ್ತಕ್ಕೆ ಬಡ್ಡಿ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಲಗತ್ತು: ಆರ್‌ಸಿ ಪ್ರತಿ; ಪಾಲಿಸಿಯ ಸವಕಳಿ ಪಟ್ಟಿ ಇರುವ ಪುಟ; ಅಂತಿಮ ಬಿಲ್ ಮತ್ತು ಹಣ ಕಟ್ಟಿದ ರಸೀದಿ; ಮೌಲ್ಯಮಾಪನದ ಹಾಳೆ; ಜುಲೈ 16ರ ಪೂರಕ ಎಸ್ಟಿಮೇಟ್ ಹಾಗೂ ಅದನ್ನು ಕಳಿಸಿದ ಇಮೇಲ್ ಪ್ರತಿ; ಅಳತೆಪಟ್ಟಿ ಹಿಡಿದು ತೆಗೆದ 6 ಫೋಟೊಗಳು; ಆಕ್ಷೇಪಣೆ ಬರೆದ ವೋಚರಿನ ಪ್ರತಿ.

ತಮ್ಮ ವಿಶ್ವಾಸಿ,
(ಸಹಿ)
ಬಸವರಾಜ ಎಂ.

ರಿಜಿಸ್ಟರ್ಡ್ ಅಂಚೆ ಮತ್ತು ಇಮೇಲ್ ಮೂಲಕ