ತಟ್ಟ ತಟ್ಟ ರೊಟ್ಟಿ: ವಿಡಿಯೋ ಹಾಡಿನ ಸ್ಕ್ರಿಪ್ಟ್

ಅವಧಿ: 4 ನಿಮಿಷ 20 ಸೆಕೆಂಡ್
ಜಾಗ: ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ, ಕೊಪ್ಪಳ ಬಸ್ ಸ್ಟ್ಯಾಂಡ್, ಗವಿಮಠ
ಪಾತ್ರ: ಅವ್ವ (ಅರವತ್ತರ ಆಸುಪಾಸು), ಮಗ (ಗುಳೆ ಹೋದವನು, ಸೆಂಟ್ರಿಂಗ್ ಕೆಲಸ), ಓಣಿಯ ಹೆಣ್ಮಕ್ಕಳು

ಕಥೆ ಇಷ್ಟೇ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಊರೂರಿಂದ ಜೋಳದ ರೊಟ್ಟಿ ಹೋಗುತ್ತದೆ. ಮೊಣಕಾಲು ನೋವಿನ ಅವ್ವ ಜಾತ್ರೆಗೆ ಹೋಗಲಾರಳು, ರೊಟ್ಟಿ ಕಳಿಸುತ್ತಾಳೆ. ಮಗ ಬೆಂಗಳೂರಿಂದ ಬಂದು ಸೀದಾ ದಾಸೋಹದ ಪಂಕ್ತಿಯಲ್ಲಿ ಕೂರುತ್ತಾನೆ.

ಬೆಂಗಳೂರನ್ನು ಒಂದು ಫ್ರೇಮಿನಲ್ಲೂ ತೋರಿಸುವುದಿಲ್ಲ. ಮೆಟ್ರೊ, ಫ್ಲೈಓವರ್ ಯಾವುದೂ ಬೇಡ. ಮಗನ ಉಗುರಿನ ಸಂದಿಯ ಸಿಮೆಂಟ್ ಸಾಕು.

0:00 – ಶುರು
ಪರದೆ ಕಪ್ಪು. ಟಪ್, ಟಪ್, ಟಪ್. ಇದೇ ಹಾಡಿನ ತಾಳ. ಸದ್ದನ್ನು ಕಟ್ಟಿಗೆಯ ಕೊಣಮಿಗೆ ಮೇಲೆ ತಟ್ಟಿಸಿಯೇ ರೆಕಾರ್ಡ್ ಮಾಡಬೇಕು. ಸ್ಟೀಲ್ ಪರಾತದಲ್ಲಿ ಆ ಮೆತ್ತನೆ ಗುದ್ದು ಬರಲ್ಲ. ನಿಧಾನವಾಗಿ ಒಲೆಯ ಬೆಳಕು. ಅವ್ವನ ಕೈ, ಹಸಿರು ಬಳೆ. ಮುಖ ಈಗಲೇ ಬೇಡ. ಏಕತಾರಿ ಸೇರಿಕೊಳ್ಳುತ್ತದೆ.

0:25 – ನುಡಿ 1 (ಅವ್ವ ಒಬ್ಬಳೇ)

ಎರಿಯ ಹೊಲದಾಗ ಬಿಳಿಜ್ವಾಳ ತೆನಿಗೂಡಿ
ಕರಿಯ ಮಣ್ಣಿಗೆ ಹಾಲ ಬಂತೇನ | ಮಗ ನೀನು
ಬರುವ ದಾರಿನ್ನ ಕಾಣವಲ್ದ

ಮೊದಲ ಸಾಲಿಗೆ ಬೆಳಗಿನ ಎರೆಹೊಲ. ಡ್ರೋನ್ ಬೇಡ, ತೆನೆಯ ಎತ್ತರದಲ್ಲಿ ಕ್ಯಾಮೆರಾ ನಡೆಯಲಿ. ‘ಹಾಲ’ ಎಂಬಲ್ಲಿ ಅವ್ವ ಹಸಿ ಕಾಳನ್ನು ಉಗುರಲ್ಲಿ ಒತ್ತುತ್ತಾಳೆ, ಬಿಳಿ ಹನಿ ಬರುತ್ತದೆ. ಶೂಟಿಂಗ್ ದಿನವನ್ನು ಈ ಹನಿ ನೋಡಿ ಇಡಬೇಕು, ಕಾಳು ಬಲಿತರೆ ಸಿಗಲ್ಲ. ಕೊನೇ ಸಾಲಿಗೆ ಖಾಲಿ ರಸ್ತೆ.

1:00 – ಪಲ್ಲವಿ (ಹೆಣ್ಮಕ್ಕಳು ಎಲ್ಲರೂ)

ತಟ್ಟ ತಟ್ಟ ರೊಟ್ಟಿ ತಂಗೆವ್ವ
ಬುಟ್ಟಿ ತುಂಬ ತಟ್ಟವ್ವ
ಹೊಟ್ಟಿ ಹಸದು ಬಂದಾವ್ರಿಗೆ
ಮುಟ್ಟಲಿ ನಮ್ಮ ರೊಟ್ಟೆವ್ವ

ಓಣಿಯಲ್ಲಿ ಸಾಲು ಒಲೆ. ಎಸರು ಹಾಕಿ ಹಿಟ್ಟು ನಾದುವುದು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು, ರೊಟ್ಟಿ ಉಬ್ಬುವುದು. ಪ್ರತಿ ‘ಟ್ಟ’ಗೆ ಒಂದು ಕಟ್. ನಟಿಯರು ಬೇಡ, ದಿನಾ ರೊಟ್ಟಿ ತಟ್ಟುವವರೇ ಇರಲಿ. ಸುಮ್ನೆ ಮಾತಾಡುತ್ತಾ ನಗಲಿ, ಕ್ಯಾಮೆರಾ ನೋಡಿದರೂ ಪರವಾಗಿಲ್ಲ.

1:25 – ನುಡಿ 2

ಬೀಗ ಹಾಕಿದ ಬಾಗಲಕ ಗುಬ್ಬಿ ಗೂಡ ಕಟ್ಯಾವ
ಹೋಗಿ ಎಂಟ ತಿಂಗಳಾತ ನನ ಕಂದ | ಬೆಂಗಳೂರಾಗ
ಕೂಗಿದರ ನನ್ನ ದನಿ ಕೇಳೀತ?

ತಾಳ ನಿಲ್ಲುತ್ತದೆ, ಏಕತಾರಿ ಮಾತ್ರ. ಓಣಿಯ ಬೀಗ ಹಾಕಿದ ಮನೆಗಳು, ಒಂದೊಂದು 4 ಸೆಕೆಂಡ್, ಕ್ಯಾಮೆರಾ ಅಲುಗಬಾರದು. ತುಕ್ಕು ಹಿಡಿದ ಬೀಗ, ಖಾಲಿ ಗೋದಲಿ, ಗೋಡೆ ಮೇಲೆ ಮಗುವಿನ ಸುಣ್ಣದ ಗೀರು. ಇಲ್ಲಿ ಆತುರ ಬೇಡ. ‘ಕೂಗಿದರ’ ಎಂಬಲ್ಲಿ ಮೊದಲ ಸಲ ಅವ್ವನ ಪೂರ್ತಿ ಮುಖ. ಅಳುವುದು ಬೇಡ, ಹೊಗೆಗೆ ಕಣ್ಣು ಉಜ್ಜಿಕೊಂಡರೆ ಸಾಕು.

2:05 – ಪಲ್ಲವಿ
ಖಟಕ್ ರೊಟ್ಟಿ ಬುಟ್ಟಿಗೆ, ಬುಟ್ಟಿ ಟ್ರ್ಯಾಕ್ಟರಿಗೆ. ಅವ್ವ ತನ್ನ ಬುಟ್ಟಿಯ ಬಟ್ಟೆಯನ್ನು ಎರಡು ಸಲ ಬಿಗಿಯುತ್ತಾಳೆ.

2:30 – ನಡುವಿನ ಸಂಗೀತ
ಹಲಗೆ ಶುರು. ರಾತ್ರಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಮಲಗಿದ ಮಗ. ಬೆಳಗ್ಗೆ ಕೊಪ್ಪಳ ಬಸ್ ಸ್ಟ್ಯಾಂಡ್.

2:55 – ನುಡಿ 3

ತೇರ ಎಳಿಯುವ ದಿನಕ ಊರ ಊರೇ ನೆರೆದಾವ
ಯಾರ ತಟ್ಟಿದ ರೊಟ್ಟಿ ಯಾರುಂಡ | ಗವಿಸಿದ್ಧ
ಊರ ದಾಟಿ ನನ ಕೈರುಚಿ ಹೋದೀತ?

ನಿಜವಾದ ಜಾತ್ರೆಯಲ್ಲೇ ತೇರು ತೆಗೆಯೋಣ, ಮಠದ ಒಪ್ಪಿಗೆ ಪಡೆದು, ಸಣ್ಣ ಕ್ಯಾಮೆರಾದಲ್ಲಿ. ಆ ಜನಸಾಗರವನ್ನು ನಾವು ಸೃಷ್ಟಿಸಲು ಆಗಲ್ಲ. ಮಗನ ಹತ್ತಿರದ ಶಾಟ್‌ಗಳನ್ನು ಬೇರೆ ದಿನ ಮಾಡೋಣ. ‘ಯಾರುಂಡ’ ಎಂಬಲ್ಲಿ ಗುಡ್ಡದಂತೆ ಒಟ್ಟಿದ ರೊಟ್ಟಿ, ಅದರ ಮುಂದೆ ಅವನ ಸಿಮೆಂಟ್ ಕೈ.

ಅವನಿಗೆ ಸಿಕ್ಕಿದ್ದು ಅವ್ವನ ರೊಟ್ಟಿಯೇ ಎಂಬ ಸುಳಿವು ಎಲ್ಲೂ ಕೊಡಬೇಡಿ. ಅವ್ವನ ಬುಟ್ಟಿಯ ಬಟ್ಟೆ ಇಲ್ಲಿ ಮತ್ತೆ ಕಾಣಬಾರದು. ಎಡಿಟಿಂಗ್‌ನಲ್ಲಿ ಆಸೆ ಆಗುತ್ತೆ, ಗೊತ್ತು.

3:30 – ಕೊನೆಯ ಪಲ್ಲವಿ
ಹಲಗೆ, ತಾಳ, ಎಲ್ಲರ ದನಿ. ಪಂಕ್ತಿಯ ಉದ್ದಕ್ಕೂ ರೊಟ್ಟಿ ಮುರಿಯುವ ಕೈಗಳು, ನಡುನಡುವೆ ಓಣಿಯ ಕೈಗಳು. ಮಗ ಒಂದು ರೊಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಳ್ಳುತ್ತಾನೆ.

4:00 – ಮನೆ
ಸಂಗೀತ ಇಲ್ಲ. ಸಂಜೆ, ಕಟ್ಟೆ. ಮಗ ಟವೆಲ್ ಬಿಚ್ಚುತ್ತಾನೆ. ಅವ್ವ ಪ್ರಸಾದ ಕಣ್ಣಿಗೊತ್ತಿಕೊಂಡು, ಚೂರು ಮುರಿದು ಬಾಯಿಗಿಟ್ಟು, ಅಗಿಯುತ್ತಾಳೆ.

ಅವ್ವ: ದಪ್ಪ ಆಗೇತಲ್ಲೋ. ಯಾರು ತಟ್ಟ್ಯಾರಿದನ್ನ?

ಪರದೆ ಕಪ್ಪು. ಟಪ್, ಟಪ್.