ಹೊರಡುವ ಮುಂಚೆ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ಪುಟ ಬರೆದಿದ್ದೆ. 2013ರಲ್ಲಿ ಇಂಟರ್‌ವ್ಯೂಗೆ ಅಂತ ಬಂದು ಪೀಣ್ಯದಲ್ಲಿ ದಾರಿ ತಪ್ಪಿದ ಕಥೆಯಿಂದ ಶುರುವಾಗಿತ್ತು. ರಾತ್ರಿ ನಮ್ಮನೆಯವರು ಓದಿ, "ಇದನ್ನು ಓದಿ ಮುಗಿಸೋ ಹೊತ್ತಿಗೆ ಅವರೂ ರಿಟೈರ್ ಆಗಿರ್ತಾರೆ" ಅಂದರು. ಹಾಗಾಗಿ ಇಷ್ಟೇ ಉಳಿಸಿದ್ದೇನೆ.

ಇವತ್ತು ಸ್ಟೋರ್ಸ್‌ನಲ್ಲಿ ನನ್ನ ಕೊನೆಯ ದಿನ. ಸೋಮವಾರದಿಂದ ತುಮಕೂರಿನಲ್ಲಿ ಕೆಲಸ. ಅಮ್ಮನಿಗೆ ಹತ್ತಿರ ಇರಬೇಕು ಅನ್ನಿಸಿತು, ಬೇರೆ ಕಾರಣ ಏನೂ ಇಲ್ಲ.

ನನಗೆ ಜಾಸ್ತಿ ನೆನಪಾಗುವುದು ಮಾರ್ಚ್ 31ರ ರಾತ್ರಿಗಳು. ನಟ್ಟು, ಬೋಲ್ಟು ಎಣಿಸಿ ಎಣಿಸಿ ಕಣ್ಣು ಎಳೆಯುವಾಗ, ಪೇಪರ್ ಮೇಲೆ ಚುರುಮುರಿ ಸುರಿದು ಸುತ್ತ ಕೂತು ತಿನ್ನುತ್ತಿದ್ದೆವಲ್ಲ, ಆಗ ಲೆಕ್ಕ ತಪ್ಪಿದರೂ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನ ನನ್ನ ಶಿಫ್ಟನ್ನು ನೀವೇ ಹಂಚಿಕೊಂಡಿರಿ. ಆಮೇಲೆ ಒಬ್ಬರೂ ಆ ಮಾತು ಎತ್ತಲಿಲ್ಲ. ಅದಕ್ಕೆ ಥ್ಯಾಂಕ್ಸ್ ಅನ್ನುವುದು ತೀರಾ ಚಿಕ್ಕ ಮಾತು, ಆದರೂ ಹೇಳುತ್ತೇನೆ.

ಯಾರ ಮೇಲಾದರೂ ಕೂಗಾಡಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಹೆಚ್ಚು ಬೈಸಿಕೊಂಡಿದ್ದು ಡಿಸ್ಪ್ಯಾಚ್‌ನವರು, ಗೊತ್ತು.

ಎರಡನೇ ಗೋಡೌನಿನ ಬೀಗದ ಕೈ, ಕೆಂಪು ದಾರ ಕಟ್ಟಿದ್ದು, ಮೇಲಿನ ಡ್ರಾಯರ್‌ನಲ್ಲಿದೆ. ಪ್ರಿಂಟರ್ ನಿಂತರೆ ಎಡಗಡೆ ಮೆತ್ತಗೆ ತಟ್ಟಿ. ಜೋರಾಗಿ ಬೇಡ, ಪಾಪ, ಅದಕ್ಕೂ ವಯಸ್ಸಾಗಿದೆ.

ನನ್ನ ನಂಬರ್ ಅದೇ ಇರುತ್ತದೆ. ತುಮಕೂರು ಕಡೆ ಬಂದರೆ ಸುಮ್ನೆ ಹಾದು ಹೋಗಬೇಡಿ, ತಟ್ಟೆ ಇಡ್ಲಿ ನನ್ನ ಲೆಕ್ಕ. ಸಂಜೆ ನಾಲ್ಕಕ್ಕೆ ಕ್ಯಾಂಟೀನ್‌ನಲ್ಲಿ ಮೈಸೂರು ಪಾಕ್ ಇಟ್ಟಿರುತ್ತೇನೆ, ಎಲ್ಲರೂ ಬನ್ನಿ.

ನಿಮ್ಮ ಸ್ಟೋರ್ಸ್ ಅಣ್ಣ