ಯೋಚನೆಗೆ ಹಚ್ಚುವ ಪ್ರಶ್ನೆಗಳು: ಕ್ಲಸ್ಟರ್ ಮಟ್ಟದ ತರಬೇತಿ, ಶಿರಸಿ

ಅವಧಿ 90 ನಿಮಿಷ. 24 ಶಿಕ್ಷಕರು, ನಾಲ್ವರ ಗುಂಪುಗಳು.

ಮೊದಲ 15 ನಿಮಿಷ: ಹಿಂದಿನ ದಿನ ಕೇಳಿದ 5 ಪ್ರಶ್ನೆ ಬರೆದು, ನೆನಪಿನವು, ಯೋಚನೆಯವು ಎಂದು ವಿಂಗಡಿಸುವುದು.

ಮುಂದಿನ 30: ಪ್ರಶ್ನೆ ತಿದ್ದುವುದು. “ಕಾಳಿ ನದಿ ಎಲ್ಲಿ ಸಮುದ್ರ ಸೇರುತ್ತದೆ?” “ಕಾರವಾರ” ಎಂದರೆ ಮಾತು ಮುಗಿಯಿತು. “ಮಳೆಗಾಲದಲ್ಲಿ ಅಲ್ಲಿಯ ನೀರಿನ ಉಪ್ಪು ಏಕೆ ಇಳಿಯುತ್ತದೆ? ಹೇಗೆ ಪರೀಕ್ಷಿಸುತ್ತೀರಿ?” ಇಲ್ಲಿ ಕಾರಣ ಹುಡುಕಲೇಬೇಕು. ಬರೀ “ಏಕೆ” ಸೇರಿಸಿದರೆ ಸಾಲದು. ಉತ್ತರ ಪುಸ್ತಕದಲ್ಲೇ ಇದ್ದರೆ ಅದೂ ಕಂಠಪಾಠವೇ.

ಉಳಿದ 45: ಅಭ್ಯಾಸ ಪಾಠ. ಒಬ್ಬರು ಶಿಕ್ಷಕರು, ಇಬ್ಬರು ಮಕ್ಕಳು, ಒಬ್ಬರು ಗಡಿಯಾರ ನೋಡುವವರು. ಪ್ರಶ್ನೆಯ ನಂತರ 3–5 ಸೆಕೆಂಡ್ ಮೌನ, ಉತ್ತರದ ನಂತರವೂ ಅಷ್ಟೇ. ಮಗುವಿನ ಹೆಸರು ಕೊನೆಗೆ. ಮೊದಲೇ ಕರೆದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ತಕ್ಷಣ “ಸರಿ” ಬೇಡ. “ಹಾಗೇಕೆ ಅನಿಸಿತು?”, “ಯಾರಿಗೆ ಬೇರೆ ಅನಿಸುತ್ತದೆ?” ಎಂದು ಕೇಳಿ.